ಪ್ರೊಫೆಸರ್‌ಗೆ ಇಂಟರ್ನ್‌ಶಿಪ್ ಕೇಳಿ ಮೇಲ್ ಬರೆಯುವುದು ಹೇಗೆ: ೩ ಮತ್ತು ೭ರ ಗೊಂದಲದಿಂದ ಹುಟ್ಟಿದ ಒಂದು ಪತ್ರ

ಡಿಸೆಂಬರ್ ಬಂತೆಂದರೆ ಸಂಶೋಧನಾ ಲ್ಯಾಬ್ ನಡೆಸುವವರ ಇನ್‌ಬಾಕ್ಸಿಗೆ ಒಂದೇ ಅಚ್ಚಿನ ಮೇಲ್‌ಗಳು ಬರತೊಡಗುತ್ತವೆ. "ರೆಸ್ಪೆಕ್ಟೆಡ್ ಸರ್, ನಾನು ಇಂಥ ಕಾಲೇಜಿನಲ್ಲಿ ಆರನೇ ಸೆಮಿಸ್ಟರ್ ಓದುತ್ತಿದ್ದೇನೆ. ನಿಮ್ಮ ಪ್ರೊಫೈಲ್ ನೋಡಿದೆ, ನಿಮ್ಮ ಸಂಶೋಧನೆ ನನಗೆ ತುಂಬಾ ಇಷ್ಟವಾಯಿತು. ನಾನು ಶ್ರಮಜೀವಿ, ಬೇಗ ಕಲಿಯುತ್ತೇನೆ. ದಯವಿಟ್ಟು ಒಂದು ಅವಕಾಶ ಕೊಡಿ." ಕೆಲವೊಮ್ಮೆ ಓದುತ್ತಿರುವವರು ಸರ್ ಅಲ್ಲ, ಮೇಡಂ ಆಗಿರುತ್ತಾರೆ. ಈ ಮೇಲಿನಲ್ಲಿ ವ್ಯಾಕರಣದ ತಪ್ಪಿಲ್ಲ, ವಿನಯಕ್ಕೂ ಕೊರತೆಯಿಲ್ಲ. ಆದರೂ ಉತ್ತರ ಬರುವುದಿಲ್ಲ. ಓದಿದವರಿಗೆ ಇದನ್ನಿಟ್ಟುಕೊಂಡು ಏನು ಮಾಡಬೇಕೆಂದೇ ತೋಚುವುದಿಲ್ಲ.

ಇಂಟರ್ನ್ ಒಬ್ಬರನ್ನು ತೆಗೆದುಕೊಳ್ಳುವ ಮೊದಲು ಪ್ರೊಫೆಸರ್ ಮನಸ್ಸಿನಲ್ಲಿ ಮೂರು ಲೆಕ್ಕ ಹಾಕುತ್ತಾರೆ. ಎಂಟು ವಾರದಲ್ಲಿ ಮುಗಿಯುವಷ್ಟು ಸಣ್ಣ ಕೆಲಸ ಲ್ಯಾಬಿನಲ್ಲಿ ಇದೆಯೇ? ದಿನನಿತ್ಯ ಇವರನ್ನು ನೋಡಿಕೊಳ್ಳುವವರು ಯಾರು? (ಸಾಮಾನ್ಯವಾಗಿ ಅದು ಪ್ರೊಫೆಸರ್ ಅಲ್ಲ, ಯಾರೋ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ.) ಮೊದಲ ವಾರದಲ್ಲೇ ಕೆಲಸ ಹಿಡಿಯುತ್ತಾರೋ, ಇಲ್ಲ ಆರು ವಾರ ಕಲಿಸುವುದರಲ್ಲೇ ಕಳೆದುಹೋಗುತ್ತದೋ? "ನಿಮ್ಮ ಕೆಲಸದಲ್ಲಿ ನನಗೆ ನಿರ್ದಿಷ್ಟವಾದ ಆಸಕ್ತಿಯಿದೆ" ಎಂದು ತೋರಿಸುವುದು ಹೊಗಳಿಕೆಗಾಗಿ ಅಲ್ಲ. ಮೊದಲ ಮತ್ತು ಮೂರನೇ ಲೆಕ್ಕವನ್ನು ಅವರ ಪರವಾಗಿ ನೀವೇ ಅರ್ಧ ಹಾಕಿಕೊಟ್ಟಂತೆ ಆಗಲಿ ಎಂದು.

ಇದನ್ನು ಒಂದು ಉದಾಹರಣೆಯ ಮೂಲಕವೇ ನೋಡೋಣ. ನಂದಿನಿ ಎಂಬ ಕಲ್ಪಿತ ವಿದ್ಯಾರ್ಥಿನಿ ಹಾಸನದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಆರನೇ ಸೆಮಿಸ್ಟರಿನಲ್ಲಿದ್ದಾಳೆ. ಬೆಂಗಳೂರಿನ ಒಂದು ಲ್ಯಾಬ್ ಹಳೆಯ ಕನ್ನಡ ಕೈಬರಹದ ದಾಖಲೆಗಳನ್ನು ಕಂಪ್ಯೂಟರ್‌ನಿಂದ ಓದಿಸುವ ಕೆಲಸ ಮಾಡುತ್ತಿದೆ ಎಂದಿಟ್ಟುಕೊಳ್ಳಿ. ಲ್ಯಾಬು, ಪ್ರೊಫೆಸರು, ಅವರ ಪೇಪರು ಎಲ್ಲವೂ ಕಲ್ಪನೆ. ನಂದಿನಿ ಬಳಸುವ ಡೇಟಾ ಮಾತ್ರ ನಿಜವಾದದ್ದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಮೇಲ್ ಬೇಕೇ ಬೇಡವೇ ಎಂದು ಮೊದಲು ನೋಡಿ

ಎಲ್ಲ ಕಡೆಯೂ ಮೇಲ್ ಸರಿಯಾದ ಬಾಗಿಲಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹೋಗುವುದು ಅವರವರ ಪೋರ್ಟಲ್ ಮೂಲಕ. ಅಂಥ ಕಡೆ ಪ್ರೊಫೆಸರ್‌ಗೆ ನೇರವಾಗಿ ಬರೆದರೆ "ಪೋರ್ಟಲ್‌ನಲ್ಲಿ ಹಾಕಿ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಅದೂ ಅದೃಷ್ಟವಿದ್ದರೆ. ಬೇಸಿಗೆಯ ಅರ್ಜಿಗಳು ಹಿಂದಿನ ಚಳಿಗಾಲದಲ್ಲೇ ಮುಗಿದುಹೋಗುವುದುಂಟು, ಆದ್ದರಿಂದ ದೀಪಾವಳಿಯ ಹೊತ್ತಿಗೆ ಒಮ್ಮೆ ಹುಡುಕಿ ನೋಡಿಬಿಡಿ.

ಪೋರ್ಟಲ್ ಇಲ್ಲದಿದ್ದರೆ ಲ್ಯಾಬಿನ ವೆಬ್‌ಪುಟಕ್ಕೆ ಹೋಗಿ, ಹೊಸಬರಿಗೆಂದು ಬರೆದ ಭಾಗವನ್ನು ಕೊನೆಯ ಸಾಲಿನವರೆಗೆ ಓದಿ. "ಸಬ್ಜೆಕ್ಟ್‌ನಲ್ಲಿ ಇಂಥ ಪದ ಇರಲಿ", "ಅಂಕಪಟ್ಟಿ ಲಗತ್ತಿಸಿ", "ಈ ವರ್ಷ ಇಂಟರ್ನ್ ತೆಗೆದುಕೊಳ್ಳುತ್ತಿಲ್ಲ" ಎಂಬಂಥ ಸೂಚನೆಗಳು ಅಲ್ಲೇ ಇರುತ್ತವೆ. ಸಬ್ಜೆಕ್ಟ್‌ನಲ್ಲಿ ಪದ ಕೇಳುವುದು ಸುಮ್ಮನೆ ಅಲ್ಲ. ಪುಟ ಓದಿದವರು ಯಾರು, ಓದದವರು ಯಾರು ಎಂದು ಜರಡಿ ಹಿಡಿಯುವ ಉಪಾಯ ಅದು. ಫಿಲ್ಟರ್ ಹಾಕಿಟ್ಟಿದ್ದರೆ ಆ ಪದವಿಲ್ಲದ ಮೇಲ್ ಅವರ ಕಣ್ಣಿಗೇ ಬೀಳುವುದಿಲ್ಲ.

ಒಂದೇ ಪೇಪರ್, ಆದರೆ ಪೂರ್ತಿ

ಗೂಗಲ್ ಸ್ಕಾಲರ್‌ನಲ್ಲಿ ಪ್ರೊಫೆಸರ್ ಹೆಸರು ಹಾಕಿ, ಅವರ ಪ್ರೊಫೈಲ್ ತೆರೆದು ಪಟ್ಟಿಯನ್ನು ವರ್ಷದ ಪ್ರಕಾರ ಜೋಡಿಸಿಕೊಳ್ಳಿ. ಸುಮ್ಮನೆ ತೆರೆದರೆ ಹೆಚ್ಚು ಉಲ್ಲೇಖವಾದ ಪೇಪರ್‌ಗಳು ಮೇಲೆ ಬರುತ್ತವೆ. ಅವು ಹತ್ತು ಹದಿನೈದು ವರ್ಷ ಹಳೆಯವಾಗಿರಬಹುದು, ಲ್ಯಾಬ್ ಆ ವಿಷಯವನ್ನು ಎಂದೋ ಕೈಬಿಟ್ಟಿರಬಹುದು. ಬಿಟ್ಟ ವಿಷಯದ ಮೇಲೆ ಆಸಕ್ತಿ ತೋರಿಸಿ ಬರೆಯುವುದು ಬಹಳ ಸಾಮಾನ್ಯವಾದ ತಪ್ಪು. ಕಳೆದ ಎರಡು ಮೂರು ವರ್ಷದ್ದನ್ನು ಮಾತ್ರ ನೋಡಿ. ಇನ್ನೊಂದು ಎಚ್ಚರ: ನಮ್ಮ ಕಡೆಯ ಹೆಸರುಗಳು ಇನಿಷಿಯಲ್ ಸಮೇತ ಒಂದೇ ತರಹ ಇರುತ್ತವೆ, ಹಾಗಾಗಿ ಹುಡುಕಿದಾಗ ಬೇರೆಯವರ ಪೇಪರ್ ಕೂಡ ನಡುವೆ ಸೇರಿಕೊಂಡಿರುತ್ತದೆ. ವಿಭಾಗದ ಪುಟದಲ್ಲಿರುವ ಪಟ್ಟಿಯೊಂದಿಗೆ ತಾಳೆ ನೋಡಿ.

ಹಾಗೆ ಸಿಕ್ಕಿದ ಐದಾರು ಪೇಪರ್‌ಗಳ ಸಾರಾಂಶ ಓದಿ ಒಂದನ್ನು ಆರಿಸಿ. ಆರಿಸುವಾಗ ನಿಮ್ಮನ್ನು ಕೇಳಿಕೊಳ್ಳಬೇಕಾದದ್ದು "ಇದರ ಯಾವುದಾದರೂ ಒಂದು ಭಾಗವನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ, ಒಂದು ವಾರದಲ್ಲಿ ಮುಟ್ಟಿ ನೋಡಲು ಆಗುತ್ತದೆಯೇ?" ಎಂಬುದು. ಡೇಟಾ ಅಥವಾ ಕೋಡ್ ಬಹಿರಂಗವಾಗಿದ್ದರೆ ಸುಲಭ. ಕೋಡ್ ಇಲ್ಲದ ವಿಷಯದಲ್ಲಾದರೆ ಒಂದು ಸಮೀಕರಣವನ್ನು ತಾವೇ ಬಿಡಿಸಿ ನೋಡುವುದು, ಒಂದು ಗ್ರಾಫಿನ ಅಂಕೆಗಳನ್ನು ಓದಿ ಮತ್ತೆ ಎಳೆಯುವುದು ಕೂಡ ಕೈಯಾಡಿಸಿದಂತೆಯೇ.

ಆರಿಸಿದ ಪೇಪರನ್ನು ಕಥೆಯಂತೆ ಮೇಲಿನಿಂದ ಕೆಳಗೆ ಓದಬೇಕಿಲ್ಲ. ಚಿತ್ರಗಳು ಮತ್ತು ಕೋಷ್ಟಕಗಳನ್ನು ಮೊದಲು ನೋಡಿ. ಆಮೇಲೆ ಪ್ರಯೋಗದ ಭಾಗ ಓದಿ: ಯಾವ ಡೇಟಾ, ಎಷ್ಟು, ಯಾವುದರ ಜೊತೆ ಹೋಲಿಸಿದರು. ಕೊನೆಯಲ್ಲಿ ಲೇಖಕರು ತಮ್ಮ ಕೆಲಸದ ಮಿತಿಗಳನ್ನು ಒಪ್ಪಿಕೊಂಡಿರುವ ಒಂದೆರಡು ವಾಕ್ಯ ಇದ್ದೇ ಇರುತ್ತವೆ. ಇಂಟರ್ನ್‌ಗೆ ಕೊಡಬಹುದಾದ ಸಣ್ಣ ಕೆಲಸಗಳು ಹೆಚ್ಚಾಗಿ ಆ ವಾಕ್ಯಗಳ ಹಿಂದೆಯೇ ಅಡಗಿರುತ್ತವೆ. ಲೇಖಕರ ಪಟ್ಟಿಯನ್ನೂ ಗಮನಿಸಿ. ಬಹಳಷ್ಟು ವಿಜ್ಞಾನ ಲ್ಯಾಬ್‌ಗಳಲ್ಲಿ ಕೊನೆಯ ಹೆಸರು ಪ್ರೊಫೆಸರದ್ದು, ಮೊದಲ ಹೆಸರು ನಿಜವಾಗಿ ಪ್ರಯೋಗ ಮಾಡಿದ ವಿದ್ಯಾರ್ಥಿಯದ್ದು. ನೀವು ಸೇರಿದರೆ ದಿನವೂ ಮಾತಾಡಬೇಕಾಗಿ ಬರುವುದು ಬಹುಶಃ ಆ ಮೊದಲ ಹೆಸರಿನವರ ಜೊತೆಯೇ.

ನಂದಿನಿ ಆರಿಸಿಕೊಂಡ (ಕಲ್ಪಿತ) ಪೇಪರ್ ಹಳೆಯ ಕಂದಾಯ ದಾಖಲೆಗಳ ಸರ್ವೆ ನಂಬರ್‌ಗಳನ್ನು ಓದಿಸುವುದರ ಬಗ್ಗೆ. ಅದರ ಕೊನೆಯಲ್ಲಿ "ಅಂಕಿಗಳಲ್ಲಿ ೩ ಮತ್ತು ೭ ಹೆಚ್ಚಾಗಿ ಅದಲುಬದಲಾಗುತ್ತವೆ" ಎಂಬ ಒಂದು ಸಾಲಿದೆ, ಕಾರಣ ಕೊಟ್ಟಿಲ್ಲ. ಸರ್ವೆ ನಂಬರ್ ೩೭ ಹೋಗಿ ೭೩ ಆದರೆ ಹೊಲವೇ ಬೇರೆಯವರದ್ದಾಗುತ್ತದೆ ಎಂಬುದು ಹಳ್ಳಿಯಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕೈಯಾಡಿಸಿ ನೋಡುವುದು

ಲ್ಯಾಬಿನ ಕಂದಾಯ ದಾಖಲೆಗಳು ನಂದಿನಿಗೆ ಸಿಗುವುದಿಲ್ಲ. ಆದರೆ ಕನ್ನಡ ಅಂಕಿಗಳ ಕೈಬರಹಕ್ಕೆ `Kannada-MNIST` ಎಂಬ ಡೇಟಾ 2019ರಿಂದ ಬಹಿರಂಗವಾಗಿದೆ. 28×28 ಚುಕ್ಕಿಗಳ ಸಣ್ಣ ಚಿತ್ರಗಳು. ಕಲಿಸಲು 60,000, ಪರೀಕ್ಷಿಸಲು 10,000. ಇದರ ಜೊತೆಗೇ `Dig-MNIST` ಎಂಬ ಇನ್ನೊಂದು ಕಟ್ಟು ಇದೆ, ಅದರಲ್ಲಿ 10,240 ಚಿತ್ರ. ಇದನ್ನು ಬರೆದವರು ಕನ್ನಡ ಅಂಕಿ ಬರೆದು ರೂಢಿಯಿಲ್ಲದವರು. ಹಾಗಾಗಿ ಮೊದಲ ಕಟ್ಟಿನಲ್ಲಿ ಚೆನ್ನಾಗಿ ಓದುವ ಕಂಪ್ಯೂಟರ್ ಮಾದರಿ ಎರಡನೆಯದಕ್ಕೆ ಬಂದಾಗ ತಡವರಿಸುತ್ತದೆ. ಸಣ್ಣ ನ್ಯೂರಲ್ ನೆಟ್‌ವರ್ಕ್ ಆದರೆ ಸಾಧಾರಣ ಲ್ಯಾಪ್‌ಟಾಪ್ ಸಾಕು.

ನಂದಿನಿ ಮೊದಲ ಕಟ್ಟಿನಿಂದ ಕಲಿಸಿ, ಎರಡನೆಯದರ ಮೇಲೆ ಪರೀಕ್ಷಿಸುತ್ತಾಳೆ. ಒಟ್ಟು ಶೇಕಡಾವಾರು ನೋಡಿ ನಿಲ್ಲಿಸುವುದಿಲ್ಲ, ಯಾವ ಅಂಕಿಯನ್ನು ಯಾವುದೆಂದು ತಪ್ಪು ಓದಿತು ಎಂದು ಎಣಿಸುತ್ತಾಳೆ:

```python
from sklearn.metrics import confusion_matrix
cm = confusion_matrix(y_true, y_pred)
print(cm[3, 7], cm[7, 3])
print(cm[6, 9], cm[9, 6])
```

ಮೊದಲ ಸಾಲಿನ ಎರಡು ಸಂಖ್ಯೆಗಳೆಂದರೆ ೩ನ್ನು ೭ ಎಂದು ಓದಿದ ಸಲ, ೭ನ್ನು ೩ ಎಂದು ಓದಿದ ಸಲ. ಎರಡನೆಯ ಸಾಲು ೬ ಮತ್ತು ೯ರದ್ದು, ಹೋಲಿಕೆಗೆ. ಈ ಸಂಖ್ಯೆಗಳೇ ಬರೆಯಲಿರುವ ಮೇಲ್‌ನ ಬೆನ್ನೆಲುಬು.

ಆದರೆ ಇಲ್ಲಿ ಜಾರುವ ಜಾಗವೊಂದಿದೆ. ಕಲಿಸುವಾಗ ಚುಕ್ಕಿಯ ಬೆಲೆಗಳನ್ನು 255ರಿಂದ ಭಾಗಿಸಿ, ಪರೀಕ್ಷಿಸುವಾಗ ಭಾಗಿಸುವುದನ್ನು ಮರೆತರೆ ಫಲಿತಾಂಶ ಕುಸಿಯಬಹುದು. ಅದನ್ನೇ "ಸಂಶೋಧನೆ" ಎಂದು ಪ್ರೊಫೆಸರ್‌ಗೆ ಬರೆದರೆ ಅವರು ಒಂದೇ ನೋಟದಲ್ಲಿ ಹಿಡಿಯುತ್ತಾರೆ. ಗುರುತು ಸುಲಭ: ತಪ್ಪು ಕೋಡಿನದ್ದಾದರೆ ಅದು ಸಾಮಾನ್ಯವಾಗಿ ಹತ್ತೂ ಅಂಕಿಗಳ ಮೇಲೆ ಹರಡಿರುತ್ತದೆ, ಅಥವಾ ಎಲ್ಲವೂ ಒಂದೇ ಅಂಕಿಯ ಕಡೆ ವಾಲುತ್ತವೆ. ನಿಜವಾದ ಗೊಂದಲವಾದರೆ ಕೆಲವು ಜೋಡಿಗಳಲ್ಲಿ ಮಾತ್ರ ಗುಂಪುಗೂಡಿರುತ್ತದೆ. ಇಷ್ಟಾದ ಮೇಲೂ ತಪ್ಪು ಓದಿದ ಮೂವತ್ತು ನಲವತ್ತು ಚಿತ್ರಗಳನ್ನು ತೆರೆದು ಕಣ್ಣಾರೆ ನೋಡಲೇಬೇಕು. ನಂದಿನಿಗೆ ಅಲ್ಲಿ ಕಾಣುವುದು ಇದು: ಎಷ್ಟೋ ಚಿತ್ರಗಳಲ್ಲಿ ಕೊನೆಯ ಬಾಲದ ತಿರುವು ಎರಡು ಮೂರು ಚುಕ್ಕಿಗಳಷ್ಟೇ ಉಳಿದಿದೆ, ಮನುಷ್ಯರಿಗೂ ಅದು ೩ ಎಂದೋ ೭ ಎಂದೋ ಹೇಳಲು ಕಷ್ಟ.

ಈಗ ಪ್ರಶ್ನೆ ಹುಟ್ಟುತ್ತದೆ. ಬರೆದವರೇ ಬಾಲವನ್ನು ಸರಿಯಾಗಿ ತಿರುಗಿಸಲಿಲ್ಲವೇ, ಅಥವಾ ದೊಡ್ಡ ಸ್ಕ್ಯಾನನ್ನು 28×28ಕ್ಕೆ ಕುಗ್ಗಿಸುವಾಗ ಅದು ಅಳಿಸಿಹೋಯಿತೇ? ಈ ಡೇಟಾದ ಮೂಲ ಸ್ಕ್ಯಾನ್‌ಗಳೂ ಬಹಿರಂಗವಾಗಿರುವುದರಿಂದ ಇದನ್ನು ಪರೀಕ್ಷಿಸಬಹುದು. ಎಂಟು ವಾರಕ್ಕೆ ಹೇಳಿ ಮಾಡಿಸಿದಂಥ ಗಾತ್ರದ ಪ್ರಶ್ನೆ.

ಒಳ್ಳೆಯ ಪ್ರಶ್ನೆಗೂ ಕೆಟ್ಟದ್ದಕ್ಕೂ ಇರುವ ವ್ಯತ್ಯಾಸ ಇಲ್ಲೇ ಸಿಗುತ್ತದೆ. "ಈ ವಿಧಾನವನ್ನು ತಮಿಳಿಗೂ ಬಳಸಬಹುದೇ?" ಎಂಬುದನ್ನು ಪೇಪರಿನ ಸಾರಾಂಶ ಮಾತ್ರ ಓದಿದವರೂ ಕೇಳಬಹುದು. "ನೀವು ಟ್ರಾನ್ಸ್‌ಫಾರ್ಮರ್ ಯಾಕೆ ಬಳಸಲಿಲ್ಲ?" ಎಂಬುದರಲ್ಲಿ ಗೊತ್ತಿಲ್ಲದೆಯೇ ಒಂದು ಆಕ್ಷೇಪಣೆ ಸೇರಿಕೊಂಡಿದೆ, ಕೇಳಿದವರು ತಾವೇನೂ ಮಾಡಿ ನೋಡಿಲ್ಲ. ನಂದಿನಿಯದ್ದು ಪೇಪರಿನ ಒಂದು ಸಾಲಿನಿಂದ ಹೊರಟು, ತಾನು ಮಾಡಿ ನೋಡಿದ ಒಂದು ಫಲಿತಾಂಶದ ಮೇಲೆ ನಿಂತು, ತನಗೆ ಉತ್ತರ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತದೆ.

ಮೇಲ್

ಕಳಿಸುವುದು ಇಂಗ್ಲಿಷಿನಲ್ಲೇ, ಇಲ್ಲಿ ತಿರುಳು ತಿಳಿಯಲೆಂದು ಕನ್ನಡದಲ್ಲಿ ಕೊಟ್ಟಿದೆ. ಸಂಖ್ಯೆಗಳು ಮಾದರಿಗೆ ಮಾತ್ರ, ನಿಮ್ಮ ಯಂತ್ರದಲ್ಲಿ ಬಂದದ್ದನ್ನು ನೀವು ಬರೆಯಬೇಕು.

> ಸಬ್ಜೆಕ್ಟ್: ಬೇಸಿಗೆ ಇಂಟರ್ನ್‌ಶಿಪ್ ಕೋರಿಕೆ, ಜೂನ್–ಜುಲೈ: ಕೈಬರಹದ ೩ ಮತ್ತು ೭ರ ಗೊಂದಲದ ಬಗ್ಗೆ
>
> ಡಿಯರ್ ಪ್ರೊಫೆಸರ್ ________,
>
> ನಾನು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಆರನೇ ಸೆಮಿಸ್ಟರ್ ಓದುತ್ತಿದ್ದೇನೆ. ಜೂನ್ 8ರಿಂದ ಜುಲೈ 31ರವರೆಗೆ ನಿಮ್ಮ ಲ್ಯಾಬಿನಲ್ಲಿ ಪೂರ್ಣಾವಧಿ ಇಂಟರ್ನ್ ಆಗಿ ಕೆಲಸ ಮಾಡಲು ಅವಕಾಶವಿದೆಯೇ ಎಂದು ಕೇಳಲು ಬರೆಯುತ್ತಿದ್ದೇನೆ.
>
> ಸರ್ವೆ ನಂಬರ್‌ಗಳನ್ನು ಓದಿಸುವ ನಿಮ್ಮ ಇತ್ತೀಚಿನ ಪೇಪರಿನ ಕೊನೆಯ ಭಾಗದಲ್ಲಿ ೩ ಮತ್ತು ೭ ಅದಲುಬದಲಾಗುತ್ತವೆ ಎಂದು ಬರೆದಿದ್ದೀರಿ. ನಿಮ್ಮ ದಾಖಲೆಗಳು ನನ್ನಲ್ಲಿ ಇಲ್ಲದ ಕಾರಣ `Kannada-MNIST`ನಿಂದ ಒಂದು ಸಣ್ಣ ನೆಟ್‌ವರ್ಕಿಗೆ ಕಲಿಸಿ `Dig-MNIST` ಮೇಲೆ ಪರೀಕ್ಷಿಸಿದೆ. ಅಲ್ಲಿಯೂ ೭ನ್ನು ೩ ಎಂದು ಓದಿದ್ದು 140 ಸಲ, ೩ನ್ನು ೭ ಎಂದು ಓದಿದ್ದು 60 ಸಲ. ತಪ್ಪಾದ 40 ಚಿತ್ರಗಳನ್ನು ನೋಡಿದಾಗ ಹೆಚ್ಚಿನವುಗಳಲ್ಲಿ ಬಾಲದ ತಿರುವು ಎರಡು ಮೂರು ಚುಕ್ಕಿಗಳಷ್ಟೇ ಉಳಿದಿತ್ತು. ಇದು ಬರವಣಿಗೆಯಿಂದ ಆದದ್ದೋ, ಚಿತ್ರವನ್ನು ಕುಗ್ಗಿಸಿದ್ದರಿಂದ ಆದದ್ದೋ ನನಗೆ ಗೊತ್ತಾಗಲಿಲ್ಲ. ಮೂಲ ಸ್ಕ್ಯಾನ್‌ಗಳನ್ನು 28, 56, 112 ಚುಕ್ಕಿಗಳಿಗೆ ಕುಗ್ಗಿಸಿ ಹೋಲಿಸಿದರೆ ತಿಳಿಯಬಹುದು ಎಂದುಕೊಂಡಿದ್ದೇನೆ. ನಿಮ್ಮ ದಾಖಲೆಗಳಲ್ಲೂ ಗೊಂದಲ ಹೀಗೆ ಒಂದೇ ಕಡೆ ವಾಲುತ್ತದೆಯೇ?
>
> ಪೈಥಾನ್ ಮತ್ತು ಪೈಟಾರ್ಚ್‌ನಲ್ಲಿ ಕೆಲಸ ಮಾಡಬಲ್ಲೆ. ಮೇಲಿನ ಪ್ರಯೋಗದ ಕೋಡ್ ಈ ಕೊಂಡಿಯಲ್ಲಿದೆ. ಇಮೇಜ್ ಪ್ರೊಸೆಸಿಂಗ್ ಕೋರ್ಸ್ ಮುಗಿಸಿದ್ದೇನೆ. ಕೈಬರಹ ಗುರುತಿಸುವುದರಲ್ಲಿ ಇದಕ್ಕೂ ಮೊದಲು ಕೆಲಸ ಮಾಡಿಲ್ಲ. ಒಂದು ಪುಟದ ಸಿ.ವಿ. ಲಗತ್ತಿಸಿದ್ದೇನೆ. ಬೇರೆ ಯಾವುದಾದರೂ ಸಣ್ಣ ಕೆಲಸಕ್ಕೆ ಜನ ಬೇಕಿದ್ದರೂ ಬರಲು ಸಿದ್ಧಳಿದ್ದೇನೆ.
>
> ನಂದಿನಿ

ಇದು ಹೆಚ್ಚೆಂದರೆ ಫೋನಿನ ಪರದೆಯ ಎರಡು ಉದ್ದ. ಅದಕ್ಕಿಂತ ಹಿಗ್ಗಬಾರದು, ಯಾಕೆಂದರೆ ಬಹಳಷ್ಟು ಪ್ರೊಫೆಸರ್‌ಗಳು ಇಂಥ ಮೇಲ್ ಓದುವುದು ಎರಡು ಮೀಟಿಂಗ್‌ಗಳ ನಡುವೆ.

ಕೋರಿಕೆ ಮೊದಲ ಪ್ಯಾರಾದಲ್ಲೇ, ದಿನಾಂಕ ಸಮೇತ ಇದೆ. "ಬೇಸಿಗೆಯಲ್ಲಿ" ಎಂದಷ್ಟೇ ಬರೆದರೆ ಸಾಲದು. ಸಂಶೋಧನಾ ಸಂಸ್ಥೆಗಳ ಬೇಸಿಗೆ ಮೇ ತಿಂಗಳಲ್ಲೇ ಶುರುವಾಗುತ್ತದೆ, ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪರೀಕ್ಷೆಗಳು ಎಷ್ಟೋ ಸಲ ಜೂನ್ ದಾಟುತ್ತವೆ. ಪರೀಕ್ಷೆಯ ವೇಳಾಪಟ್ಟಿ ಇನ್ನೂ ಬಂದಿಲ್ಲವಾದರೆ ಅದನ್ನೇ ಬರೆಯಿರಿ: "ಪರೀಕ್ಷೆ ಮುಂದಕ್ಕೆ ಹೋದರೆ ಒಂದು ವಾರ ಆಚೀಚೆ ಆಗಬಹುದು." ಮುಚ್ಚಿಟ್ಟು, ಆಮೇಲೆ ನಡುವೆ ಹತ್ತು ದಿನ ರಜೆ ಕೇಳುವುದು ಲ್ಯಾಬಿನವರಿಗೆ ಬಹಳ ಬೇಸರ ತರಿಸುವ ಸಂಗತಿ.

ಎರಡನೆಯ ಪ್ಯಾರಾಕ್ಕೆ ಒಂದು ಪರೀಕ್ಷೆ ಮಾಡಿ. ಅದನ್ನು ಹಾಗೇ ಕತ್ತರಿಸಿ ಬೇರೊಬ್ಬ ಪ್ರೊಫೆಸರ್‌ಗೆ ಕಳಿಸಲು ಸಾಧ್ಯವಾದರೆ ಅದು ಇನ್ನೂ ನಿರ್ದಿಷ್ಟವಾಗಿಲ್ಲ. ಪೇಪರಿನ ಶೀರ್ಷಿಕೆಯನ್ನು ಪೂರ್ತಿ ನಕಲಿಸಿ "ಅದ್ಭುತವಾಗಿದೆ" ಎಂದು ಸೇರಿಸುವುದು ನಿರ್ದಿಷ್ಟತೆಯಲ್ಲ. ಶೀರ್ಷಿಕೆಯನ್ನು ಅವರೇ ಬರೆದದ್ದು, ಅವರಿಗೆ ಗೊತ್ತಿದೆ.

"ಇದಕ್ಕೂ ಮೊದಲು ಕೆಲಸ ಮಾಡಿಲ್ಲ" ಎಂಬ ಸಾಲನ್ನು ಅಳಿಸುವ ಆಸೆ ಬರುತ್ತದೆ, ಅಳಿಸಬೇಡಿ. ಅದಿದ್ದರೆ ಉಳಿದ ಸಾಲುಗಳನ್ನು ನಂಬಬಹುದು ಎನಿಸುತ್ತದೆ. ಸಿ.ವಿ.ಯಲ್ಲಿ ಹದಿನೈದು ಸಾಫ್ಟ್‌ವೇರ್‌ಗಳ ಹೆಸರಿದ್ದರೆ ಪ್ರೊಫೆಸರ್ ಅವುಗಳಲ್ಲಿ ಒಂದನ್ನು ಆರಿಸಿ ಕೇಳುತ್ತಾರೆ, ಅದು ಯಾವಾಗಲೂ ನಿಮಗೆ ಬಾರದ್ದೇ ಆಗಿರುತ್ತದೆ.

ಕಳಿಸುವ ಮುನ್ನ ಕೆಡುವ ಸಣ್ಣ ಸಂಗತಿಗಳು

ಹೆಸರು. ನಮ್ಮಲ್ಲಿ ರಮೇಶ್ ಕೆ. ಎಂಬ ಹೆಸರಿದ್ದರೆ ಅವರು "ಪ್ರೊಫೆಸರ್ ರಮೇಶ್", "ಪ್ರೊಫೆಸರ್ ಕೆ." ಅಲ್ಲ. ಕೊನೆಯ ಪದವನ್ನು ಮನೆಹೆಸರು ಎಂದು ತೆಗೆದುಕೊಳ್ಳುವ ಹೊರದೇಶದ ಮಾದರಿಗಳನ್ನು ನಕಲಿಸಿದಾಗ ಈ ಅವಾಂತರ ಆಗುತ್ತದೆ. ಅನುಮಾನವಿದ್ದರೆ ಪೂರ್ತಿ ಹೆಸರು ಬರೆಯಿರಿ.

ಅಕ್ಷರದ ಬಣ್ಣ, ಅಳತೆ. ಹಳೆಯ ಮೇಲಿನಿಂದ ಕತ್ತರಿಸಿ ಅಂಟಿಸಿದರೆ ಹೆಸರು ಒಂದು ಅಳತೆಯಲ್ಲಿ, ಉಳಿದದ್ದು ಇನ್ನೊಂದರಲ್ಲಿ ಕಾಣುತ್ತದೆ. ನಿಮ್ಮ ಪರದೆಯಲ್ಲಿ ಗೊತ್ತಾಗದಿದ್ದರೂ ಅವರ ಪರದೆಯಲ್ಲಿ ಎದ್ದು ಕಾಣುತ್ತದೆ, ಸಾಮೂಹಿಕ ಮೇಲ್ ಎಂದು ತಕ್ಷಣ ತಿಳಿಯುತ್ತದೆ. `Ctrl+Shift+V` ಒತ್ತಿ ಅಂಟಿಸಿದರೆ ಹಳೆಯ ಅಲಂಕಾರ ಕಳಚಿ ಬರೀ ಅಕ್ಷರ ಬರುತ್ತದೆ. ಕಳಿಸುವ ಮುಂಚೆ ನಿಮಗೇ ಒಂದು ಪ್ರತಿ ಕಳಿಸಿ ಫೋನಿನಲ್ಲಿ ತೆರೆದು ನೋಡಿ.

ಲಗತ್ತು. ಪಿಡಿಎಫ್ ಒಂದೇ ಪುಟ, ಹೆಸರು `Nandini_CV.pdf` ಎಂಬಂತೆ. `resume_final_new2.pdf` ಎಂದಿದ್ದರೆ ಅವರು ಇಳಿಸಿಕೊಂಡ ಮೇಲೆ ಯಾರದೆಂದು ಹುಡುಕಬೇಕಾಗುತ್ತದೆ. ಡ್ರೈವ್ ಕೊಂಡಿ ಕೊಡುವುದಾದರೆ ಲಾಗಿನ್ ಇಲ್ಲದ ಕಿಟಕಿಯಲ್ಲಿ ತೆರೆಯುತ್ತದೆಯೇ ನೋಡಿ. "ಅನುಮತಿ ಕೇಳಿ" ಎಂಬ ಪುಟ ಬಂದರೆ ಯಾರೂ ಕೇಳುವುದಿಲ್ಲ.

ಒಂದೇ ವಿಭಾಗದ ಇಬ್ಬರಿಗೆ ಒಂದೇ ವಾರ ಬರೆಯಬೇಡಿ. ಅವರು ಊಟಕ್ಕೆ ಒಟ್ಟಿಗೆ ಹೋಗುತ್ತಾರೆ. ಮೊದಲನೆಯವರಿಂದ ಇಲ್ಲ ಎಂದು ಬಂದ ಮೇಲೆ, ಅಥವಾ ಮೂರು ವಾರ ಕಳೆದ ಮೇಲೆ ಎರಡನೆಯವರಿಗೆ ಬರೆಯಿರಿ, ಆದರೆ ಹೊಸ ಪೇಪರ್ ಓದಿ. ಈ ರೀತಿ ಬರೆಯುವುದಾದರೆ ಒಂದು ಋತುವಿನಲ್ಲಿ ಐದಾರು ಮೇಲ್‌ಗಿಂತ ಹೆಚ್ಚು ಕಳಿಸಲು ಆಗುವುದೂ ಇಲ್ಲ, ಬೇಕಾಗಿಯೂ ಇಲ್ಲ.

ಉತ್ತರ ಬಾರದಿದ್ದರೆ, ಬಂದರೆ

ಹತ್ತು ಹನ್ನೆರಡು ದಿನ ಕಾಯಿರಿ. ಆಮೇಲೆ ಅದೇ ಮೇಲ್‌ನ ಕೆಳಗೆ, ಹೊಸದಾಗಿ ಶುರು ಮಾಡದೆ, ಮೂರು ಸಾಲು ಸೇರಿಸಿ. "ನೆನಪಿಸಲು ಬರೆದೆ" ಎನ್ನುವುದಕ್ಕಿಂತ ಈ ನಡುವೆ ಆದದ್ದನ್ನು ಹೇಳುವುದು ಮೇಲು: "56 ಚುಕ್ಕಿಗಳಲ್ಲಿ ಮತ್ತೆ ಮಾಡಿ ನೋಡಿದೆ, ೭ನ್ನು ೩ ಎಂದು ಓದುವುದು ಅರ್ಧಕ್ಕಿಳಿಯಿತು, ೬ ಮತ್ತು ೯ರಲ್ಲಿ ಬದಲಾವಣೆ ಕಾಣಲಿಲ್ಲ." ಬದಲಾವಣೆ ಕಾಣದಿದ್ದರೆ ಅದನ್ನೂ ಹೀಗೆಯೇ ಬರೆಯಬಹುದು. ಇದಕ್ಕೂ ಉತ್ತರ ಬಾರದಿದ್ದರೆ ಅಲ್ಲಿಗೆ ಬಿಡಿ. ಮೂರನೆಯ ಮೇಲ್, ಲಿಂಕ್ಡ್‌ಇನ್ ಸಂದೇಶ, ವಿಭಾಗದ ಕಚೇರಿಗೆ ಫೋನ್ ಬೇಡ.

ಉತ್ತರ ಬಂದರೆ ಹೆಚ್ಚಾಗಿ ಅದು ಎರಡು ಸಾಲು ಇರುತ್ತದೆ: "ಗುರುವಾರ 4 ಗಂಟೆಗೆ ಮಾತಾಡೋಣ, ನನ್ನ ವಿದ್ಯಾರ್ಥಿಯನ್ನು ಸಿಸಿಯಲ್ಲಿ ಹಾಕಿದ್ದೇನೆ." ಉತ್ತರಿಸುವಾಗ ಎಲ್ಲರಿಗೂ ಹೋಗುವಂತೆ ಕಳಿಸಿ, ಸಿಸಿಯಲ್ಲಿರುವವರನ್ನು ಬಿಡಬೇಡಿ. ನಿಮ್ಮ ಕೋಡನ್ನು ಮಾತಿಗೆ ಮುಂಚೆ ಇನ್ನೊಮ್ಮೆ ಓಡಿಸಿಟ್ಟುಕೊಳ್ಳಿ. ಪರದೆ ಹಂಚಿಕೊಳ್ಳಲು ಹೇಳಿದರೆ ತಪ್ಪಾದ ಆ ನಲವತ್ತು ಚಿತ್ರಗಳು ಒಂದೇ ಪುಟದಲ್ಲಿ ಸಿದ್ಧವಿರಲಿ.

ಒಪ್ಪಿಗೆ ಸಿಕ್ಕ ದಿನವೇ ಎರಡು ವಿಷಯ ಕೇಳಿಬಿಡಿ, ಸಂಕೋಚ ಬೇಡ. ಮೊದಲನೆಯದು ಸ್ಟೈಪೆಂಡ್ ಮತ್ತು ವಸತಿ: ನೇರವಾಗಿ ಮೇಲ್ ಬರೆದು ಸಿಕ್ಕ ಇಂಟರ್ನ್‌ಶಿಪ್‌ಗಳಲ್ಲಿ ಎಷ್ಟೋ ಸಲ ಎರಡೂ ಇರುವುದಿಲ್ಲ, ಬೆಂಗಳೂರಿನಲ್ಲಿ ಎರಡು ತಿಂಗಳ ಪಿ.ಜಿ. ಬಾಡಿಗೆ ಮನೆಯವರಿಗೆ ಮೊದಲೇ ಗೊತ್ತಿರಬೇಕು. ಎರಡನೆಯದು ಕಾಗದಪತ್ರ: ಸಂಸ್ಥೆಯ ಗೇಟ್ ಪಾಸಿಗೆ ನಿಮ್ಮ ಕಾಲೇಜಿನ ಬೋನಾಫೈಡ್ ಮತ್ತು ನಿರಾಕ್ಷೇಪಣಾ ಪತ್ರ ಸಾಮಾನ್ಯವಾಗಿ ಬೇಕಾಗುತ್ತದೆ. ಪ್ರಿನ್ಸಿಪಾಲರ ಸಹಿ, ಸೀಲು ಆಗಿ ಬರಲು ಪರೀಕ್ಷೆಯ ಸಮಯದಲ್ಲಿ ಒಂದು ವಾರ ಹಿಡಿಯಬಹುದು. ಅದರಲ್ಲಿ ಬರೆಯುವ ದಿನಾಂಕಗಳು ಮೇಲಿನಲ್ಲಿ ನೀವು ಕೊಟ್ಟ ದಿನಾಂಕಗಳೇ ಆಗಿವೆಯೇ ಎಂದು ಕ್ಲರ್ಕ್ ಎದುರಿಗೇ ನಿಂತು ಓದಿಕೊಳ್ಳಿ.